ಎರೆನಾಡಿನಲ್ಲೊಂದು ಬಡ್ಡಿಯ ಲೆಕ್ಕ

ಗದಗಿನ ಹತ್ತಿಯ ಪೇಟೆಯನ್ನು ಚೈತ್ರಮಾಸದಲ್ಲಿ ನೋಡಬೇಕಾಗಿತ್ತು. ಸುತ್ತಣ ಎರೆಭೂಮಿಯ ಹಳ್ಳಿಗಳಿಂದ ಇರುಳೆಲ್ಲ ನಡೆದುಬಂದ ಎತ್ತಿನ ಗಾಡಿಗಳು ಬೆಳಗಿನ ಜಾವಕ್ಕೆ ಅಡತಿ ಅಂಗಡಿಗಳ ಮುಂದೆ ಸಾಲುಗೊಂಡು ನಿಂತಿರುತ್ತಿದ್ದವು. ಜಯಧರ ಹತ್ತಿಯ ಅಂಡಿಗೆಗಳ ಮೇಲೆ ಕಂಬಳಿ ಹೊದ್ದು ಮಲಗಿದ ರೈತನು, ತನ್ನ ಎಂಟು ತಿಂಗಳ ಶ್ರಮಕ್ಕೆ ಬೆಲೆ ಕಟ್ಟುವ ದಲಾಲರು ಬರುವ ತನಕ, ನಿದ್ರೆಗೂ ಎಚ್ಚರಕ್ಕೂ ನಡುವಣ ಒಂದು ಸ್ಥಿತಿಯಲ್ಲಿ ಕಾದಿರುತ್ತಿದ್ದನು. 1974ರ ಚೈತ್ರದಲ್ಲಿ ನಾನು ಆ ಪೇಟೆಯ ನಡುವೆ ಹಾದು, ಕಪ್ಪತಗುಡ್ಡದ ಮಗ್ಗುಲಿನ ಒಂದು ಹಳ್ಳಿಗೆ ಹೊರಟಿದ್ದೆನು. ರಾಷ್ಟ್ರೀಕೃತ ಬ್ಯಾಂಕೊಂದು ಆ ಊರಿನಲ್ಲಿ ಶಾಖೆಯನ್ನು ತೆರೆದು ನಾಲ್ಕು ವರ್ಷಗಳಾಗಿದ್ದವು. ಅದಕ್ಕೆ ಮೊದಲು ಮೂರು ತಲೆಮಾರು ಸಾಲವೆಂದರೆ ಒಂದೇ ಮನೆಯ ಬಾಗಿಲಾಗಿದ್ದ ಊರು ಅದು. ಎರಡನೆಯ ಬಾಗಿಲು ತೆರೆದಾಗ ಮೊದಲನೆಯದರ ಒಳಗೆ ಏನು ನಡೆಯಿತೆಂಬುದನ್ನು ಕಣ್ಣಾರೆ ಕಂಡು, ಸಾಧ್ಯವಾದರೆ ಲೆಕ್ಕವಾಗಿ ಬರೆದುಕೊಳ್ಳಬೇಕೆಂಬುದು ನನ್ನ ಆಸೆಯಾಗಿತ್ತು.

ಗದಗಿನವರೆಗೆ ಬಂದು ಕಣಗಿನಹಾಳಕ್ಕೆ ಹೋಗದೆ ಇರುವುದು ಈ ವಿಷಯದಲ್ಲಿ ಆಸಕ್ತಿಯುಳ್ಳವನಿಗೆ ಸಲ್ಲದು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದ್ದು ಈ ಸಣ್ಣ ಊರಿನಲ್ಲಿ, 1905ರಲ್ಲಿ. ಸಹಕಾರಿ ಸಂಘಗಳ ಕಾಯಿದೆ ಬಂದ ಮರುವರ್ಷವೇ. ನೆರೆಹೊರೆಯವರು ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರೆ ಸಾವಕಾರನ ಬಡ್ಡಿಯ ಅಗತ್ಯವೇ ಬೀಳದೆಂಬ ನಂಬಿಕೆ ಅದರ ತಳಹದಿಯಾಗಿತ್ತು. ಆ ನಂಬಿಕೆ ಉದಾತ್ತವಾದುದು. ಆದರೆ ಅರ್ಧ ಶತಮಾನದ ಅನಂತರ, ಗೋರವಾಲಾ ಅವರ ಅಧ್ಯಕ್ಷತೆಯಲ್ಲಿ ರಿಸರ್ವ್ ಬ್ಯಾಂಕಿನ ಸಮಿತಿಯು ದೇಶದ ಗ್ರಾಮೀಣ ಸಾಲವನ್ನು ಅಳೆದು 1954ರಲ್ಲಿ ವರದಿಯನ್ನೊಪ್ಪಿಸಿದಾಗ, ರೈತರು ತಂದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಸುಮಾರು ಮೂರು, ವಾಣಿಜ್ಯ ಬ್ಯಾಂಕುಗಳದು ಒಂದಕ್ಕೂ ಕಡಿಮೆ, ಲೇವಾದೇವಿಯವರದು ಹತ್ತಿರ ಹತ್ತಿರ ಎಪ್ಪತ್ತು ಎಂದು ತಿಳಿದುಬಂದಿತು. ಮರುವರ್ಷ ಸ್ಟೇಟ್ ಬ್ಯಾಂಕ್ ಹುಟ್ಟಿದ್ದು ಆ ವರದಿಯ ಫಲವಾಗಿ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರದ ವಶವಾದ ಮೇಲೆ, ಅದುವರೆಗೆ ನಗರದ ಬೀದಿಗಳನ್ನು ಬಿಟ್ಟು ಕದಲದಿದ್ದ ಶಾಖೆಗಳು ನಾನು ಹೊರಟಿದ್ದಂತಹ ಊರುಗಳಿಗೂ ಬರತೊಡಗಿದವು.

ಕಪ್ಪತಗುಡ್ಡದ ಮಗ್ಗುಲಿನ ಆ ಹಳ್ಳಿಯಲ್ಲಿ ಶಾಖೆಯು ಊರಗೌಡರ ಹಳೆಯ ಪಡಸಾಲೆಯಲ್ಲಿತ್ತು. ಅದಕ್ಕೆ ಎದುರಾಗಿ, ಬೇವಿನ ಮರವೊಂದನ್ನು ನಡುವಿಟ್ಟುಕೊಂಡು, ಸಾವಕಾರರ ಮನೆ. ನಾನು ಹೋದಾಗ ಸಾವಕಾರರು ಗಾದಿಯ ಮೇಲೆ ಕುಳಿತಿದ್ದರು. ಮಗ್ಗುಲಲ್ಲಿ ಗುಮಾಸ್ತನ ಇಳಿಮೇಜು, ಅದರ ಮೇಲೆ ಕೆಂಪು ಅರಿವೆಯ ಹೊದಿಕೆಯ ಕಿರ್ದಿ ಖತಾವಣಿ ಪುಸ್ತಕಗಳು, ಮೊದಲ ಪುಟದಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಯ ಕುಂಕುಮ ಇನ್ನೂ ಮಾಸದೆ ಉಳಿದಿತ್ತು. ಎಪ್ಪತ್ತರ ಸಮೀಪದ ವಯಸ್ಸು, ಮೃದುವಾದ ಮಾತು. ಕಥೆಗಳಲ್ಲಿ ಬರುವ ಕ್ರೂರ ಸಾವಕಾರನನ್ನು ನಿರೀಕ್ಷಿಸಿ ಹೋದವನಿಗೆ ಅವರು ಸಿಕ್ಕುವುದಿಲ್ಲ. ನಾನು ಬಂದ ಕಾರಣವನ್ನು ಹೇಳಿದಾಗ ಅವರು ಗುಮಾಸ್ತನ ಕಡೆ ತಿರುಗಿ, “ತಗೀಯಪ್ಪಾ ವಹಿ, ನೋಡ್ಲಿ ಅವ್ರು. ಮುಚ್ಚಿ ಇಡೂವಂಥಾದ್ದು ಏನೈತಿ ಇದರಾಗ?” ಎಂದರು.

ಬ್ಯಾಂಕು ಬರುವುದಕ್ಕೆ ಮುನ್ನ ಆ ಊರಿನ ದರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಎಲ್ಲರಿಗೂ ಅದೇ. ಪುಸ್ತಕದಿಂದ ಒಂದು ಖಾತೆಯನ್ನು ಆರಿಸಿಕೊಂಡು ನೋಡೋಣ. ಎಂಟು ಎಕರೆ ಎರೆಹೊಲದ ಒಬ್ಬ ಯಜಮಾನನು ಶ್ರಾವಣದಲ್ಲಿ, ಹತ್ತಿಯ ಬಿತ್ತನೆಗೆಂದು 500 ರೂಪಾಯಿ ತಂದಿದ್ದಾನೆ. ಮೊದಲ ತಿಂಗಳ ಬಡ್ಡಿ 15 ರೂಪಾಯಿಯನ್ನು ಮುರಿದುಕೊಂಡು ಅವನ ಕೈಗೆ 485 ರೂಪಾಯಿ ಎಣಿಸಲಾಗಿದೆ. ಚೈತ್ರದಲ್ಲಿ, ಎಂಟು ತಿಂಗಳಿಗೆ, ಬಡ್ಡಿಯ ಮೊತ್ತ 120 ರೂಪಾಯಿ. ಪುಸ್ತಕದಲ್ಲಿ ಕಾಣುವುದು ಇಷ್ಟೇ. ಆದರೆ ಸಾಲ ಪಡೆದವನು ತನ್ನ ಹತ್ತಿಯನ್ನು ಸಾವಕಾರರ ಮೂಲಕವೇ ಮಾರಬೇಕೆಂಬುದು ಬರೆಯದ ಕರಾರು. ಆ ವರ್ಷ ಅವನು ಹಾಕಿದ ಮೂರು ಕ್ವಿಂಟಲ್ ಹತ್ತಿಗೆ ಗದಗಿನ ಪೇಟೆಯ ಧಾರಣೆಗಿಂತ ಕ್ವಿಂಟಲಿಗೆ ಹತ್ತು ರೂಪಾಯಿ ಕಡಿಮೆ ಬಿದ್ದಿದೆ. ಈ 30 ರೂಪಾಯಿಯೂ ಬಡ್ಡಿಯೇ; ಬೆಲೆಯೆಂಬ ವೇಷವನ್ನು ತೊಟ್ಟುಕೊಂಡು ಬಂದುದರಿಂದ ಅದನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ, ಅಷ್ಟೆ. ಎರಡನ್ನೂ ಕೂಡಿಸಿದರೆ 500 ರೂಪಾಯಿಗೆ ಎಂಟು ತಿಂಗಳಲ್ಲಿ 150. ಮೂರು ರೂಪಾಯಿಯೆಂದು ಊರೆಲ್ಲ ತಿಳಿದಿದ್ದ ದರವು ನಿಜವಾಗಿ ಮೂರೂಮುಕ್ಕಾಲು. ಮೊದಲೇ ಮುರಿದುಕೊಂಡ ಹದಿನೈದನ್ನು ಗಣನೆಗೆ ತಂದರೆ ಇನ್ನೂ ತುಸು ಮೇಲೆ.

ಇದೇಕೆ ಮೂರು, ಎರಡೇಕೆ ಅಲ್ಲ ಎಂದು ನಾನು ಕೇಳಿದೆನು. ಸಾವಕಾರರು ಬೆರಳು ಮಡಚುತ್ತ ನೂರು ರೂಪಾಯಿಯ ಒಂದು ವರ್ಷದ ಕಥೆಯನ್ನು ಹೇಳಿದರು. ನೂರಕ್ಕೆ ವರ್ಷಕ್ಕೆ ಬರಬೇಕಾದುದು 36. ಅದರಲ್ಲಿ 12 ಹಣದ ಬೆಲೆ; ತಾವು ಗದಗಿನ ಅಡತಿಯವರಿಂದ ತಿಂಗಳಿಗೆ ಒಂದು ರೂಪಾಯಿಯಂತೆ ತರುವುದು. ಗುಮಾಸ್ತನ ಪಗಾರ, ವಸೂಲಿಯ ತಿರುಗಾಟ, ಕಾಗದಪತ್ರ ಸೇರಿ 6. ಉಳಿದುದು 18. ಆದರೆ ನೂರರಲ್ಲಿ ಹತ್ತು ರೂಪಾಯಿ ತಿರುಗಿ ಬರುವುದೇ ಇಲ್ಲ. ಅದರ ಬಡ್ಡಿಯೂ ಬರುವುದಿಲ್ಲ. ಹೀಗೆ ಸುಮಾರು 14 ಮುಳುಗುತ್ತದೆ. “ಕೊನೀಗೆ ನನ್ನ ಕೈಯಾಗ ಉಳಿಯೂದು ನಾಕು ರೂಪಾಯಿ ನೋಡ್ರಿ. ಅದಕ್ಕ ಊರ ಮಂದಿ ರಕ್ತ ಹೀರ್ತಾನ ಅಂತಾರ.” ಎಪ್ಪತ್ತೆರಡರ ಬರದ ವರ್ಷದ ಪುಟಗಳನ್ನು ಅವರು ತೆರೆದು ತೋರಿಸಿದರು, ಖಾತೆಗಳ ಕೆಳಗೆ ಜಮೆಯ ಅಂಕಣ ಪುಟಕ್ಕೆ ಪುಟ ಖಾಲಿಯಿತ್ತು.

ಈ ಲೆಕ್ಕವನ್ನು ನಾನು ಸುಳ್ಳೆನ್ನಲಾರೆ. ಸಾಲದ ದರವು ಅಪಾಯವನ್ನು ಅನುಸರಿಸಿ ಏರುತ್ತದೆಂಬುದು ನಮ್ಮ ದೇಶದಲ್ಲಿ ಬಹು ಹಳೆಯ ತಿಳಿವಳಿಕೆ. ಮೈಸೂರಿನ ಶಾಮಶಾಸ್ತ್ರಿಗಳ ಶ್ರಮದಿಂದ 1909ರಲ್ಲಿ ಅಚ್ಚಾಗಿ ಬೆಳಕು ಕಂಡ ಕೌಟಿಲ್ಯನ ಅರ್ಥಶಾಸ್ತ್ರವು ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮ್ಯವಾದ ಬಡ್ಡಿಯೆಂದು ವಿಧಿಸಿ, ಮರುಮಾತಿನಲ್ಲಿಯೇ ವ್ಯಾಪಾರಕ್ಕೆ ಐದು, ಕಾಡುಹಾದಿಯ ವರ್ತಕರಿಗೆ ಹತ್ತು, ಸಮುದ್ರಯಾನ ಮಾಡುವವರಿಗೆ ಇಪ್ಪತ್ತು ಎಂದು ಮೆಟ್ಟಿಲುಗಳನ್ನು ಕಟ್ಟುತ್ತದೆ. ಮಳೆಯನ್ನು ನಂಬಿದ ಬೇಸಾಯವು ಸಮುದ್ರಯಾನಕ್ಕಿಂತ ಬಹಳ ಸುರಕ್ಷಿತವಾದುದೆಂದು ಎರೆನಾಡಿನವರು ಯಾರೂ ಹೇಳಲಾರರು.

ಆದರೂ ಸಾವಕಾರರ ಲೆಕ್ಕದಲ್ಲಿ ಎರಡು ಸಂಗತಿಗಳು ಮರೆಯಾಗಿದ್ದವು. ಹಣದ ಬೆಲೆಯೆಂದು ಎಣಿಸಿದ ಹನ್ನೆರಡರಲ್ಲಿ ಅರ್ಧಕ್ಕೂ ಮಿಕ್ಕಿದ ಭಾಗ ಅವರ ಸ್ವಂತ ಬಂಡವಾಳದ ಪ್ರತಿಫಲವೇ ಆಗಿತ್ತು. ಅದು ಖರ್ಚಲ್ಲ, ಆದಾಯ. ಇದು ಸಣ್ಣ ಮಾತು. ಎರಡನೆಯದು ದೊಡ್ಡದು: ನೂರಕ್ಕೆ ಹತ್ತು ಮುಳುಗುವುದು ಊರಿನ ಸರಾಸರಿ, ಪ್ರತಿಯೊಬ್ಬನ ನಡತೆಯಲ್ಲ. ಎಂಟೆಕರೆಯ ಯಜಮಾನನಂಥವರಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಮುಳುಗುತ್ತಿರಲಿಲ್ಲವೆಂದು ಅದೇ ಪುಸ್ತಕವೇ ಹೇಳುತ್ತಿತ್ತು. ಅವನ ಪಾಲಿಗೆ ಹಣದ ಬೆಲೆ 12, ಕೆಲಸದ ಖರ್ಚು 6, ಮುಳುಗಡೆ ಮೂರರೊಳಗೆ, ಒಟ್ಟು 21. ಅವನು ಕೊಡುತ್ತಿದ್ದುದು 36. ಮೇಲಿನ ಹದಿನೈದು ರೂಪಾಯಿ, ಆ ಊರಿನಲ್ಲಿ ಇನ್ನೊಂದು ಬಾಗಿಲು ಇಲ್ಲದಿದ್ದುದರ ದಂಡ. ಒಳ್ಳೆಯ ಸಾಲಗಾರನಿಗೂ ಕೆಟ್ಟ ಸಾಲಗಾರನಿಗೂ ಒಂದೇ ದರ ನಡೆಯುವ ಊರಿನಲ್ಲಿ ಪೈಪೋಟಿ ಇಲ್ಲವೆಂದು ಧಾರಾಳವಾಗಿ ಊಹಿಸಬಹುದು.

ಬ್ಯಾಂಕು ಬಂದುದು ವರ್ಷಕ್ಕೆ ನೂರಕ್ಕೆ ಹತ್ತರ ದರದೊಂದಿಗೆ. ಊರವರು ಸಾವಕಾರರ ದರ ಮಾರನೆಯ ದಿನವೇ ಬೀಳುತ್ತದೆಂದು ಕಾದರು, ಅದು ಬೀಳಲಿಲ್ಲ. ನನಗೆ ಈ ಕಥೆಯಲ್ಲಿ ಅತ್ಯಂತ ಸ್ವಾರಸ್ಯವಾಗಿ ತೋರಿದ್ದು ಈ ಘಟ್ಟವೇ. ಮೊದಲ ವರ್ಷ ಮೂರು ರೂಪಾಯಿ ಮೂರಾಗಿಯೇ ಉಳಿಯಿತು. ಆದರೆ ಮೊದಲ ತಿಂಗಳ ಬಡ್ಡಿಯನ್ನು ಮುರಿದುಕೊಳ್ಳುವ ಪದ್ಧತಿ ಸದ್ದಿಲ್ಲದೆ ನಿಂತಿತು. ಅನಂತರ, ಹತ್ತಿಯನ್ನು ಬೇಕಾದಲ್ಲಿ ಮಾರಿಕೊಳ್ಳಬಹುದೆಂದು ಸಾವಕಾರರೇ ಹೇಳಿದರು. ಎಲ್ಲರ ಬಾಯಲ್ಲಿರುವ ದರವನ್ನು ಇಳಿಸಿದರೆ ಅದು ಎಲ್ಲರಿಗೂ ಇಳಿಯುತ್ತದೆ. ಕಾಣದ ಭಾಗವನ್ನಾದರೆ ಬೇಕಾದವನಿಗೆ ಮಾತ್ರ ಬಿಟ್ಟುಕೊಡಬಹುದು. ಆದುದರಿಂದ ಪೈಪೋಟಿಯ ಮೊದಲ ಪೆಟ್ಟು ಬೀಳುವುದು ಬಡ್ಡಿಯ ಮರೆಯಾದ ಅಂಗಗಳ ಮೇಲೆ. ಶಾಖೆ ತೆರೆದ ಊರಿನಲ್ಲಿ ದರ ಇಳಿಯಿತೇ ಎಂದು ಮಾತ್ರ ಕೇಳಿ ಹಿಂದಿರುಗುವ ಅಧಿಕಾರಿಗೆ ಅಲ್ಲಿ ಏನೂ ಆಗಲಿಲ್ಲವೆಂದೇ ತೋರುವುದು. ಮೂರನೆಯ ವರ್ಷಕ್ಕೆ, ಎಂಟೆಕರೆಯ ಯಜಮಾನನಂಥ ಹತ್ತೆಂಟು ಮನೆಗಳಿಗೆ, ದರವೂ ಒಂದೂಮುಕ್ಕಾಲು ರೂಪಾಯಿಗೆ ಇಳಿಯಿತು. ವರ್ಷಕ್ಕೆ 21. ಮೇಲೆ ನಾವು ಕೂಡಿಸಿದ ಮೊತ್ತವೂ ಅದೇ; ಅದಕ್ಕಿಂತ ಕೆಳಗೆ ಇಳಿದರೆ ಸಾವಕಾರರಿಗೆ ಕೈಯಿಂದ ಹೋಗುತ್ತಿತ್ತು.

ಹತ್ತರ ಎದುರಿಗೆ ಇಪ್ಪತ್ತೊಂದು ಹೇಗೆ ನಿಂತೀತು ಎಂದು ಓದುಗರು ಕೇಳಬಹುದು. ಯಜಮಾನನ ಕಟ್ಟೆಯ ಮೇಲೆ ಕುಳಿತು ನಾನು ಅದನ್ನೇ ಕೇಳಿದೆನು. ಅವನು ನಕ್ಕು, ಒಳಗಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ತಂದು, ಬ್ಯಾಂಕಿನ ಮೊದಲ ಸಾಲಕ್ಕೆ ಕೂಡಿಸಿದ ಕಾಗದಗಳನ್ನು ಒಂದೊಂದಾಗಿ ಹಾಸಿದನು. ತಲಾಟಿಯಿಂದ ಹೊಲದ ಉತಾರ. ಸಹಕಾರಿ ಸಂಘದಿಂದ ಬಾಕಿಯಿಲ್ಲವೆಂಬ ಪತ್ರ. ಉತಾರದಲ್ಲಿ ಬ್ಯಾಂಕಿನ ಬೋಜಾ ಏರಿಸಿದ ದಾಖಲೆ. ಸ್ಟ್ಯಾಂಪು ಹಚ್ಚಿದ ಕರಾರು. ಇಬ್ಬರು ಜಾಮೀನುದಾರರ ಸಹಿ. “ಆರು ದಿನ ಹೊಲಾ ಬಿಟ್ಟು ತಿರಗ್ಯಾಡೀನ್ರಿ. ಜಾಮೀನು ಆದವರಿಗೆ ಗದಗಕ್ಕ ಬಸ್ಸಿನ ಖರ್ಚು, ಖಾನಾವಳ್ಯಾಗ ಊಟ. ತಲಾಟಿ ಸಾಹೇಬ್ರ ಚಾದ ಖರ್ಚು ಬ್ಯಾರೆ.” ಮೂರು ರೂಪಾಯಿಯ ದಿನಗೂಲಿಯಂತೆ ಆರು ದಿನಕ್ಕೆ 18, ಉಳಿದುದೆಲ್ಲ ಸೇರಿ 22, ಹೀಗೆ ನಾಲ್ವತ್ತು ರೂಪಾಯಿ. ಬ್ಯಾಂಕಿನ 500 ರೂಪಾಯಿಗೆ ಎಂಟು ತಿಂಗಳ ಬಡ್ಡಿ 33. ತಿರುಗಾಟದ 40 ಸೇರಿದರೆ 73. ಸಾವಕಾರರಲ್ಲಿ, ಒಂದೂಮುಕ್ಕಾಲರಂತೆ, ಅದೇ 500ಕ್ಕೆ 70. ಅದೂ ಇರುಳು ಎಂಟು ಗಂಟೆಗೆ ಬಾಗಿಲು ತಟ್ಟಿದರೂ ಸಿಕ್ಕುವ ಹಣ.

ಆದರೆ ತಿರುಗಾಟದ ನಾಲ್ವತ್ತು ರೂಪಾಯಿ ಸಾಲದ ಮೊತ್ತದೊಡನೆ ಬೆಳೆಯುವುದಿಲ್ಲ. 2,000 ರೂಪಾಯಿಯ ಸಾಲಕ್ಕೂ ಅದೇ ಉತಾರ, ಅದೇ ಬಸ್ಸು, ಅದೇ ಊಟ. ಅಲ್ಲಿ ಬ್ಯಾಂಕಿನ ಒಟ್ಟು ವೆಚ್ಚ 173, ಸಾವಕಾರರದು 280. ಅಲ್ಲದೆ ಒಮ್ಮೆ ಬೋಜಾ ಏರಿದ ಮೇಲೆ ಮರುವರ್ಷದ ಸಾಲಕ್ಕೆ ಹತ್ತು ರೂಪಾಯಿಯ ಓಡಾಟ ಸಾಕು. ಈ ಕಾರಣದಿಂದ ದೊಡ್ಡ ಸಾಲಗಳೂ ಎರಡನೆಯ ವರ್ಷದ ಸಾಲಗಳೂ ಬೇವಿನ ಮರವನ್ನು ದಾಟಿ ಆಚೆಗೆ ಹೋದವು. ಸಣ್ಣವೂ ಅವಸರದವೂ ಈಚೆಗೇ ಉಳಿದವು. ಶಾಖೆಯ ತರುಣ ಮ್ಯಾನೇಜರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ದರವನ್ನು ಇಳಿಸುವುದು ತಮ್ಮ ಕೈಯಲ್ಲಿಲ್ಲದಿದ್ದರೂ, ಸಂತೆಯ ದಿನ ತಲಾಟಿಯನ್ನು ಶಾಖೆಗೇ ಕರೆಸಿ ಅಲ್ಲಿಯೇ ಉತಾರ ಬರೆಸಿಕೊಡುವ ಏರ್ಪಾಡನ್ನು ಅವರು ಮಾಡಿದ್ದರು. ನನ್ನ ಎಣಿಕೆಯಲ್ಲಿ, ಆ ಊರಿನ ಸಣ್ಣ ರೈತನ ಪಾಲಿಗೆ ಇದು ಬಡ್ಡಿಯಲ್ಲಿ ನೂರಕ್ಕೆ ಎರಡನ್ನು ಕಡಿತಮಾಡುವುದಕ್ಕಿಂತ ದೊಡ್ಡ ಉಪಕಾರ.

ಊರಿನ ಕೆಳಗೇರಿಯ ಕಡೆಗೆ ನಡೆದಾಗ ಕಥೆಯ ಬಣ್ಣ ಬದಲಾಗುತ್ತದೆ. ಅಲ್ಲಿ ಕೋರಿನ ಹೊಲ ಮಾಡುವ ಒಬ್ಬ ವಿಧವೆ ಇದ್ದಳು. ಬೆಳೆದುದರಲ್ಲಿ ಅರ್ಧ ಹೊಲದ ಒಡೆಯನಿಗೆ, ಅರ್ಧ ಅವಳಿಗೆ. ಅವಳ ದರ ಮೂರಕ್ಕೆ ನಿಂತಿತ್ತೇ, ಇಳಿದಿತ್ತೇ ಎಂದು ಕೇಳಿದೆನು. ಏರಿತ್ತು, ಈಗ ಮೂರೂವರೆ. “ಬ್ಯಾಂಕಿಗೆ ಹೋಗಿದ್ದೆ ಯಪ್ಪಾ. ಉತಾರ ತಾ ಅಂದ್ರು. ಹೊಲ ಗೌಡರದು, ದುಡಿಮಿ ನಂದು. ನನ್ನ ಹೆಸರಿಲೆ ಉತಾರ ಎಲ್ಲಿಂದ ತರ್ಲಿ?” ಬ್ಯಾಂಕು ಬಂದ ಊರಿನಲ್ಲಿ ಬಡವಳ ಬಡ್ಡಿ ಏರುವುದೆಂದರೆ ಸಾವಕಾರರ ದುರಾಸೆಯೆಂದು ತಟ್ಟನೆ ಅನಿಸುವುದು ಸಹಜ, ನನಗೂ ಹಾಗೆಯೇ ಅನಿಸಿ, ಮನಸ್ಸು ಕುದಿಯಿತು. ಆದರೆ ಮತ್ತೆ ಪುಸ್ತಕದ ಮುಂದೆ ಕುಳಿತಾಗ ಕಂಡುದು ಬೇರೆ. ಒಳ್ಳೆಯ ಖಾತೆಗಳು ಹೊರಟುಹೋಗಿ ಸಾವಕಾರರ ಲೇವಾದೇವಿ ಅರ್ಧಕ್ಕೆ ಇಳಿದಿತ್ತು. ಗುಮಾಸ್ತನ ಪಗಾರವೂ ವಸೂಲಿಯ ಖರ್ಚೂ ಅರ್ಧಕ್ಕೆ ಇಳಿದಿರಲಿಲ್ಲ. ಮೊದಲು ನೂರಕ್ಕೆ 6 ಇದ್ದ ಆ ವೆಚ್ಚ ಈಗ 12. ಉಳಿದ ಸಾಲಗಾರರಲ್ಲಿ ಮುಳುಗಡೆ ಹತ್ತಕ್ಕೆ ಕಡಿಮೆಯಿಲ್ಲ; ಬಾರದ ಬಡ್ಡಿಯೂ ಸೇರಿ ಹಿಂದಿನಂತೆಯೇ ಸುಮಾರು 14. ಹಣದ ಬೆಲೆ ಹನ್ನೆರಡು ಸೇರಿದರೆ ಮೂವತ್ತೆಂಟು ಆಗುತ್ತದೆ. ಹಳೆಯ ಮೂವತ್ತಾರರಲ್ಲಿ ನಷ್ಟವೇ. ಮೂರೂವರೆಯಂತೆ ವರ್ಷಕ್ಕೆ 42 ತೆಗೆದುಕೊಂಡರೆ ಮತ್ತೆ ಅವರ ಕೈಯಲ್ಲಿ ಅದೇ ನಾಲ್ಕು ರೂಪಾಯಿ. ಅವಳಿಂದ ಹೆಚ್ಚು ಕೇಳಲು ಅವರಿಗೆ ಸಾಧ್ಯವಾದದ್ದು ಮಾತ್ರ, ಅವಳಿಗೆ ಎರಡನೆಯ ಬಾಗಿಲು ಇನ್ನೂ ತೆರೆಯದೆ ಇದ್ದುದರಿಂದ. ಪೈಪೋಟಿಯು ಊರಿಗೆ ಬಂದಿತ್ತು, ಅವಳ ಮನೆಯವರೆಗೆ ಬಂದಿರಲಿಲ್ಲ.

ಮ್ಯಾನೇಜರು ಅವಳನ್ನು ಮರೆತಿರಲಿಲ್ಲವೆಂಬುದನ್ನೂ ಹೇಳಬೇಕು. 1972ರಲ್ಲಿ ಸರಕಾರವು ಅತಿ ಬಡವರಿಗೆಂದು ನೂರಕ್ಕೆ ನಾಲ್ಕರ ಬಡ್ಡಿಯ ಯೋಜನೆಯನ್ನು ತಂದಿತ್ತು. ಅದರಲ್ಲಿ ಅವಳಿಗೆ ಒಂದು ಎಮ್ಮೆಯ ಸಾಲವನ್ನು ಅವರು ಮಂಜೂರು ಮಾಡಿಸಿದ್ದರು. ಎಮ್ಮೆ ಅಂಗಳದಲ್ಲಿ ಕಟ್ಟಿತ್ತು, ಹಾಲನ್ನೂ ಕೊಡುತ್ತಿತ್ತು. ಆದರೆ ಜ್ವರ ಬಂದ ಮಗುವಿಗೆ ಔಷಧ, ಆಷಾಢದಲ್ಲಿ ತೀರಿದ ಜೋಳ, ತವರಿನ ಮದುವೆಗೆ ಒಂದು ಸೀರೆ, ಇವುಗಳಿಗೆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ ವರ್ಷಕ್ಕೆ ನಾಲ್ಕರ ಸಾಲವೂ ನಲವತ್ತೆರಡರ ಸಾಲವೂ ಒಟ್ಟಿಗೆ ಬಾಳುತ್ತಿದ್ದವು. ಹಾಲಿನ ಹಣ ಮೊದಲು ಯಾವ ಕಡೆಗೆ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಹೊರಡುವ ಮುನ್ನ ಮ್ಯಾನೇಜರು ತಮ್ಮ ಪುಸ್ತಕವನ್ನೂ ನನಗೆ ತೋರಿಸಿದರು. ವಸೂಲಿ ಬಹಳ ಚೆನ್ನಾಗಿತ್ತು. ನಾನು ಅದನ್ನು ಮೆಚ್ಚಿ ಮಾತನಾಡಿದಾಗ ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. “ತಾರೀಖು ನೋಡಿ ಸಾರ್” ಎಂದು ಬೆರಳಿಟ್ಟು ತೋರಿಸಿದರು. ಎಂಟೆಕರೆಯ ಯಜಮಾನನು 2,000 ರೂಪಾಯಿಯ ಸಾಲವನ್ನು ತಿಂಗಳ ಎರಡರಂದು ಪೂರ್ತಿ ಕಟ್ಟಿದ್ದನು. ಹನ್ನೆರಡರಂದು ಅವನಿಗೆ 2,000 ರೂಪಾಯಿಯ ಹೊಸ ಸಾಲ ಮಂಜೂರಾಗಿತ್ತು. ಕೆಳಗಿನ ಖಾತೆಯಲ್ಲಿಯೂ ಹಾಗೆಯೇ, ಅದರ ಕೆಳಗೆಯೂ ಹಾಗೆಯೇ. ಹತ್ತಿಯ ಧಾರಣೆ ಏರಲೆಂದು ರೈತನು ಸರಕನ್ನು ಮನೆಯಲ್ಲಿಟ್ಟುಕೊಂಡು, ನಡುವಣ ಹತ್ತು ದಿನಕ್ಕೆ ಸಾವಕಾರರಿಂದ ನೂರಕ್ಕೆ ಎರಡರಂತೆ ಹಣ ತಂದು ಬ್ಯಾಂಕಿಗೆ ಕಟ್ಟುತ್ತಾನೆ. ಹೊಸ ಸಾಲ ಬಂದೊಡನೆ ಅದನ್ನು ಸಾವಕಾರರಿಗೆ ಮುಟ್ಟಿಸುತ್ತಾನೆ. ಹತ್ತು ದಿನಕ್ಕೆ ಎರಡೆಂದರೆ ತಿಂಗಳಿಗೆ ಆರು. ಆ ಊರಿನಲ್ಲಿ ಹಿಂದೆ ಎಂದೂ ಇಲ್ಲದ ದರ. ಆದರೂ ಯಜಮಾನನಿಗೆ ಇದರಿಂದ ನಷ್ಟವಿಲ್ಲ: ಬ್ಯಾಂಕಿನ ಬಡ್ಡಿ 133, ಓಡಾಟ 10, ಸಾವಕಾರರಿಗೆ 40, ಒಟ್ಟು 183; ಸಾವಕಾರರ ಸಾಲವನ್ನೇ ಎಂಟು ತಿಂಗಳು ಇಟ್ಟುಕೊಂಡಿದ್ದರೆ 280. ನಷ್ಟವಾದುದು ಬ್ಯಾಂಕಿನ ತಿಳಿವಳಿಕೆಗೆ. ಧಾರಣೆ ಬೀಳುತ್ತಲೇ ಹೋದ ವರ್ಷ ಈ ಸರಪಳಿ ಒಮ್ಮೆಗೇ ಕಡಿಯುವುದು. ಅಲ್ಲಿಯವರೆಗೆ ಪುಸ್ತಕದಲ್ಲಿ ಒಂದು ಬಿರುಕೂ ಕಾಣದು. ಶಾಖೆಯ ವಸೂಲಿಯನ್ನು ಪರೀಕ್ಷಿಸಬೇಕೆನ್ನುವವರು ಮೊತ್ತಕ್ಕಿಂತ ಮೊದಲು ಈ ಎರಡು ತಾರೀಖುಗಳ ನಡುವಣ ಅಂತರವನ್ನು ನೋಡಬೇಕೆಂದು ಆ ತರುಣರಿಂದ ನಾನು ಕಲಿತೆನು.

ಬಸ್ಸಿಗೆ ಇನ್ನೂ ವೇಳೆ ಇದ್ದುದರಿಂದ ಸಾವಕಾರರಿಗೆ ಹೇಳಿ ಹೋಗಲು ಮತ್ತೆ ಅವರ ಮನೆಗೆ ಹೋದೆನು. ಪಕ್ಕದ ಖೋಲಿಗೆ ಸುಣ್ಣ ಬಳಿಯುತ್ತಿದ್ದರು. ಮಗ ಅಲ್ಲಿ ರಸಗೊಬ್ಬರದ ಅಂಗಡಿ ತೆರೆಯುವವನಿದ್ದನು. “ಬ್ಯಾಂಕಿನ ಸಾಲ ತಗೊಂಡಾವ ಗೊಬ್ಬರ ಎಲ್ಲ್ಯಾರ ತಗೋಬೇಕಲ್ರಿ. ಇಲ್ಲೇ ತಗೋಳ್ಳಿ” ಎಂದು ಸಾವಕಾರರು ಸಮಾಧಾನದಿಂದ ನುಡಿದರು. ಚೀಲಕ್ಕೆ ಏನು ಬೆಲೆಯೆಂದು ಕೇಳಿದೆನು. ರೋಖ ಕೊಟ್ಟರೆ 50 ರೂಪಾಯಿ. ಉದ್ರಿ ಒಯ್ದು ನಾಲ್ಕು ತಿಂಗಳಿಗೆ ಕೊಟ್ಟರೆ 54. ಬಡ್ಡಿಯಿಲ್ಲವೇ ಎಂದೆನು. “ಬಡ್ಡಿ ಎಲ್ಲಿದ್ರಿ, ಅದು ಮಾಲಿನ ಕಿಮ್ಮತ್ತು” ಎಂದರು. ಐವತ್ತಕ್ಕೆ ನಾಲ್ಕು ತಿಂಗಳಲ್ಲಿ ನಾಲ್ಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಗದಗಿನಲ್ಲಿ ಆಗಲೇ ಮೂರು ಗೊಬ್ಬರದ ಅಂಗಡಿಗಳಿದ್ದವು, ಆ ಊರಿನಲ್ಲಿ ಇದೊಂದೇ. ಶಾಖೆಯು ಸಾಲದ ಒಂದು ಭಾಗವನ್ನು ನಗದಿನ ಬದಲು ಗೊಬ್ಬರವಾಗಿಯೇ ಕೊಡುವಂತಾದರೆ ಈ ಎರಡು ರೂಪಾಯಿ ಎಷ್ಟಕ್ಕೆ ಇಳಿದೀತೆಂದು ಮ್ಯಾನೇಜರಿಗೆ ಬರೆದು ಕೇಳಬೇಕೆಂದುಕೊಂಡು ನಾನು ಬಸ್ಸು ಹತ್ತಿದೆನು.